ಅರ್ಜಿಯ ಮೊದಲ ಪುಟದಲ್ಲಿ ಕನ್ನಡವನ್ನು ಅಡಗಿಸುವವರಿಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಕನ್ನಡ ವಲಯದಲ್ಲಿ ಒಂದು ಉಪದೇಶ ಬಹುಕಾಲದಿಂದ ಚಲಾವಣೆಯಲ್ಲಿದೆ. ಬಿ.ಇಡಿ. ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಹಾಕಹೊರಟ ಸಂಶೋಧನಾರ್ಥಿಗೆ ಹಿತೈಷಿಗಳು ಹೇಳುವ ಮಾತು ಅದು. ಎಂ.ಎ. ಕನ್ನಡ ಎಂಬುದನ್ನು ಮುಂದಕ್ಕೆ ತರಬೇಡ, ಬಯೋಡಾಟಾದ ಒಳಗೆಲ್ಲಾದರೂ ಇರಲಿ. ಕವರಿಂಗ್ ಲೆಟರನ್ನು ಯಾರೂ ಓದುವುದಿಲ್ಲ, ಎಲ್ಲರೂ ಬರೆಯುವಂತೆ ನಾಲ್ಕು ಸಾಲು ಬರೆದು ಸರ್ಟಿಫಿಕೇಟುಗಳನ್ನು ಲಗತ್ತಿಸಿಬಿಡು. ಹೇಳುವವರ ಮನಸ್ಸು ಒಳ್ಳೆಯದೇ. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡವರ ಜಾಗರೂಕತೆಯೂ ಅದರಲ್ಲಿದೆ. ಆದರೆ ಉಪದೇಶ ತಪ್ಪು. ಭಾಷಾಭಿಮಾನದ ದೃಷ್ಟಿಯಿಂದ ತಪ್ಪು ಎನ್ನುತ್ತಿಲ್ಲ. ಆ ವಾದವನ್ನು ಸಭೆ ಸಮಾರಂಭಗಳಿಗೆ ಬಿಡೋಣ. ಈ ಹುದ್ದೆಯ ನಿಯಮಗಳನ್ನು ಓದಿದರೆ, ಕನ್ನಡದ ಎಂ.ಎ.ಯನ್ನು ಅಡಗಿಸುವವರು ತಮಗೆ ಇರುವ ಒಂದೇ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಿದ್ದಾರೆ ಎಂಬುದು ಕಾಣುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ರೂಢಿಯ ಪತ್ರ ಹೇಗಿರುತ್ತದೆ ನೋಡೋಣ. ಇಂತಹ ದಿನಾಂಕದ ಇಂತಹ ಪತ್ರಿಕೆಯ ಜಾಹೀರಾತನ್ನು ಉಲ್ಲೇಖಿಸಿ ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಅವಕಾಶ ಕೋರಲಾಗಿರುತ್ತದೆ. ಅಭ್ಯರ್ಥಿ ಪರಿಶ್ರಮಿ, ಶಿಸ್ತಿನ ವ್ಯಕ್ತಿ, ತಂಡದೊಂದಿಗೆ ಹೊಂದಿಕೊಳ್ಳಬಲ್ಲವರು. ಅರ್ಹತೆ: ಎಂ.ಎ., ಎಂ.ಇಡಿ., ಪಿಎಚ್‌.ಡಿ. ಮುಂದೆ ಒಂದು ಆವರಣ, ಅದರೊಳಗೆ ‘ಪ್ರಗತಿಯಲ್ಲಿದೆ’. ಅವಕಾಶ ದೊರೆತಲ್ಲಿ ಆಡಳಿತ ಮಂಡಳಿಗೆ ತೃಪ್ತಿಯಾಗುವಂತೆ ದುಡಿಯುವ ಭರವಸೆ. ಇದರಲ್ಲಿ ಸುಳ್ಳೇನೂ ಇಲ್ಲ, ಸುದ್ದಿಯೂ ಇಲ್ಲ. ಎಂ.ಎ. ಯಾವ ವಿಷಯದಲ್ಲಿ, ನೆಟ್ ಆಗಿದೆಯೇ, ಆಗಿದ್ದರೆ ಯಾವುದರಲ್ಲಿ, ಪ್ರಬಂಧ ಯಾವ ಹಂತದಲ್ಲಿದೆ, ಯಾವ ಹುದ್ದೆಗೆ ಈ ಅರ್ಜಿ, ಒಂದಕ್ಕೂ ಉತ್ತರವಿಲ್ಲ. ಅರ್ಜಿಗಳನ್ನು ಜರಡಿ ಹಿಡಿಯುವವರು ಮೊದಲು ಕೇಳಿಕೊಳ್ಳುವುದೇ ಈ ಪ್ರಶ್ನೆಗಳನ್ನು. ಪತ್ರ ಓದುವುದಿಲ್ಲ ಎಂಬ ದೂರು ನಿಜವಾಗುವುದು ಪತ್ರದಲ್ಲಿ ಓದತಕ್ಕದ್ದು ಇಲ್ಲದಿರುವುದರಿಂದ.

ಯಾವ ಹುದ್ದೆ ಎಂಬ ಪ್ರಶ್ನೆ ಅಂದುಕೊಂಡಷ್ಟು ಸರಳವಲ್ಲ. ಕಲಾ ಕಾಲೇಜಿನಲ್ಲಿ ಹುದ್ದೆ ಎಂದರೆ ವಿಷಯ: ಇತಿಹಾಸ, ಅರ್ಥಶಾಸ್ತ್ರ, ಮರಾಠಿ. ಬಿ.ಇಡಿ. ಕಾಲೇಜಿನಲ್ಲಿ ಹಾಗಲ್ಲ. ಅಲ್ಲಿನ ಬೋಧಕರ ಸಂಖ್ಯೆಯನ್ನೂ ಅರ್ಹತೆಯನ್ನೂ ಗೊತ್ತುಪಡಿಸುವುದು ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, 2014ರ ನಿಯಮಾವಳಿ. ಬಿ.ಇಡಿ.ಯನ್ನು ಎರಡು ವರ್ಷದ ಕೋರ್ಸಾಗಿಸಿದ್ದು ಇದೇ. ಇದರ ಹಿಂದೆ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗದ 2012ರ ವರದಿಯಿದೆ. ಆ ಆಯೋಗ ಹುಟ್ಟಿದ್ದಾದರೂ ನಮ್ಮ ಮಹಾರಾಷ್ಟ್ರದ ಡಿ.ಇಡಿ. ಕಾಲೇಜುಗಳ ಮಾನ್ಯತೆಯ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ. ಅಂದರೆ ಇದು ದೂರದ ದಿಲ್ಲಿಯ ಕಾಗದವೇನಲ್ಲ.

ಆ ನಿಯಮಾವಳಿಯ ಪ್ರಕಾರ 50 ವಿದ್ಯಾರ್ಥಿಗಳ ಎರಡು ಘಟಕಗಳಿರುವ ಕಾಲೇಜಿಗೆ ಪ್ರಾಂಶುಪಾಲರೂ ಸೇರಿ 16 ಮಂದಿ ಬೋಧಕರು. ಇವರಲ್ಲಿ ನಾಲ್ವರು ‘ಶಿಕ್ಷಣದ ದೃಷ್ಟಿಕೋನಗಳು’ ಎಂಬ ಗುಂಪಿನವರು. ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರದ ನೆಲೆಯ ಪತ್ರಿಕೆಗಳನ್ನು ಪಾಠ ಮಾಡುವವರು. ಎಂಟು ಮಂದಿ ಬೋಧನಾಶಾಸ್ತ್ರದವರು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಭಾಷೆ ಈ ಎಂಟನ್ನು ಹಂಚಿಕೊಳ್ಳಬೇಕು. ಉಳಿದದ್ದು ದೈಹಿಕ ಶಿಕ್ಷಣ, ಕಲೆ, ರಂಗ ಮತ್ತು ಸಂಗೀತಕ್ಕೆ. ಈಗ ಅರ್ಹತೆಗೆ ಬನ್ನಿ. ದೃಷ್ಟಿಕೋನಗಳ ಹುದ್ದೆಗೆ ಸಮಾಜ ವಿಜ್ಞಾನದ ಸ್ನಾತಕೋತ್ತರ ಪದವಿಯೊಂದಿಗೆ ಎಂ.ಇಡಿ. ಬೇಕು, ಇಲ್ಲವೇ ಶಿಕ್ಷಣಶಾಸ್ತ್ರದಲ್ಲೇ ಎಂ.ಎ. ಮಾಡಿ ಬಿ.ಇಡಿ. ಇರಬೇಕು. ಬೋಧನಾಶಾಸ್ತ್ರದ ಹುದ್ದೆಗೆ ವಿಜ್ಞಾನ, ಗಣಿತ, ಸಮಾಜ ವಿಜ್ಞಾನ ಅಥವಾ ಭಾಷೆಯ ಸ್ನಾತಕೋತ್ತರ ಪದವಿ ಮತ್ತು ಎಂ.ಇಡಿ. ಎಲ್ಲದರಲ್ಲೂ ಕನಿಷ್ಠ 55 ಪ್ರತಿಶತ ಅಂಕ.

ಈಗ ನಮ್ಮ ಅಭ್ಯರ್ಥಿಯನ್ನು ಈ ಚೌಕಟ್ಟಿನಲ್ಲಿ ನಿಲ್ಲಿಸಿ. ಆಕೆಯ ಕೈಯಲ್ಲಿರುವುದು ಎಂ.ಎ. ಕನ್ನಡ ಮತ್ತು ಎಂ.ಇಡಿ. ಕನ್ನಡ ಸಮಾಜ ವಿಜ್ಞಾನವಲ್ಲ. ನಿಯಮವನ್ನು ಅಕ್ಷರಶಃ ಓದಿದರೆ ದೃಷ್ಟಿಕೋನಗಳ ನಾಲ್ಕು ಹುದ್ದೆಗಳೂ ಆಕೆಗೆ ಇಲ್ಲ. ಗಣಿತ, ವಿಜ್ಞಾನಗಳ ಮಾತೇ ಬೇಡ. ಉಳಿಯುವುದು ಭಾಷಾ ಬೋಧನಾಶಾಸ್ತ್ರ ಒಂದೇ, ಮತ್ತು ಆ ಬಾಗಿಲನ್ನು ತೆರೆಯುವ ಕೀಲಿಕೈ ಯಾವುದು ಎಂದರೆ ನಮ್ಮವರು ಬಯೋಡಾಟಾದ ಮೂರನೆಯ ಪುಟಕ್ಕೆ ತಳ್ಳಿಸುವ ಆ ಎಂ.ಎ. ಕನ್ನಡವೇ. ಅದನ್ನು ಅಡಗಿಸಿ ಬರೀ ‘ಎಂ.ಎ., ಎಂ.ಇಡಿ.’ ಎಂದು ಬರೆದ ಅರ್ಜಿ ಯಾವ ಗುಂಪಿಗೂ ಸೇರದೆ ಬದಿಗೆ ಸರಿಯುತ್ತದೆ. ಅರ್ಜಿ ತಿರಸ್ಕೃತವಾದಾಗ ‘ಕನ್ನಡದವಳು ಎಂದು ಬಿಟ್ಟರು’ ಎಂದು ನಾವು ಸಂಘದ ಕಟ್ಟೆಯಲ್ಲಿ ಕುಳಿತು ಮರುಗುತ್ತೇವೆ.

ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ಜಾಹೀರಾತು ‘ಮರಾಠಿ ಬೋಧನಾಶಾಸ್ತ್ರ’ ಅಥವಾ ‘ಇಂಗ್ಲಿಷ್ ಬೋಧನಾಶಾಸ್ತ್ರ’ ಎಂದು ಹೆಸರಿಸಿ ಕೇಳಿದ್ದರೆ ಎಂ.ಎ. ಕನ್ನಡದವರು ಅರ್ಜಿ ಹಾಕಿ ಅಂಚೆ ಖರ್ಚು ಮಾಡುವುದು ಬೇಡ. ಎಷ್ಟು ಸೊಗಸಾಗಿ ಬರೆದರೂ ಪತ್ರವು ಇಲ್ಲದ ಅರ್ಹತೆಯನ್ನು ಹುಟ್ಟಿಸದು. ‘ಭಾಷೆ’ ಎಂದಷ್ಟೇ ಇದ್ದಾಗ ಮಾತ್ರ ಹೋರಾಟಕ್ಕೆ ಎಡೆಯಿದೆ. ಎರಡರಲ್ಲಿ ಯಾವುದು ಎಂಬುದು ಸಂದಿಗ್ಧವಾಗಿದ್ದರೆ ಕಾಲೇಜಿನ ಜಾಲತಾಣ ನೋಡಿ. ಬೋಧಕರ ಹೆಸರು, ಅರ್ಹತೆ, ಭಾವಚಿತ್ರಗಳನ್ನು ಅಲ್ಲಿ ಪ್ರಕಟಿಸಬೇಕೆಂಬುದು ಎನ್‌ಸಿಟಿಇಯದೇ ಕಟ್ಟಳೆ. ಭಾಷೆಯ ಸ್ಥಾನಗಳಲ್ಲಿ ಈಗ ಯಾರಿದ್ದಾರೆ, ಯಾವ ಭಾಷೆಯವರು, ಯಾರ ಸ್ಥಾನ ತೆರವಾಗಿದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಈ ಅರ್ಧ ಗಂಟೆಯನ್ನು ವ್ಯಯಿಸದವರೇ ‘ತಮ್ಮ ಪ್ರತಿಷ್ಠಿತ ಸಂಸ್ಥೆ’ ಎಂದು ಬರೆಯುತ್ತಾರೆ.

ಇನ್ನು ಆ ಆವರಣದ ವಿಚಾರ. ‘ಪಿಎಚ್‌.ಡಿ. (ಪ್ರಗತಿಯಲ್ಲಿದೆ)’ ಎಂಬುದು ನಮ್ಮ ವಿಶ್ವವಿದ್ಯಾಲಯ ಲೋಕದ ಅತ್ಯಂತ ನಿರರ್ಥಕ ಪದಪುಂಜ. ನಿನ್ನೆ ನೋಂದಾಯಿಸಿಕೊಂಡವರೂ ನಾಳೆ ಮೌಖಿಕ ಪರೀಕ್ಷೆಗೆ ಕೂರುವವರೂ ಒಂದೇ ಆವರಣದೊಳಗೆ ನಿಲ್ಲುತ್ತಾರೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಈ ನಡುವೆ ನೋಂದಣಿ, ಕೋರ್ಸ್‌ವರ್ಕ್, ಸಲ್ಲಿಕೆಪೂರ್ವ ಮಂಡನೆ, ಪ್ರಬಂಧ ಸಲ್ಲಿಕೆ, ಮೌಖಿಕ ಪರೀಕ್ಷೆ, ಕೊನೆಗೆ ಪದವಿ ಪ್ರದಾನದ ಅಧಿಸೂಚನೆ ಎಂಬ ಬೇರೆ ಬೇರೆ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲು, ಯಾವ ದಿನಾಂಕ, ಎರಡನ್ನೂ ಬರೆಯಬೇಕು. ಇದು ಶಿಷ್ಟಾಚಾರದ ಮಾತಲ್ಲ. ಯುಜಿಸಿಯ 2018ರ ನಿಯಮದಲ್ಲಿ ನೆಟ್ ಅಥವಾ ಸೆಟ್‌ನಿಂದ ವಿನಾಯಿತಿ ಇರುವುದು ನಿಯಮಾನುಸಾರ ಪಿಎಚ್‌.ಡಿ. ಪದವಿ ಪಡೆದವರಿಗೆ. ಪ್ರಬಂಧ ಸಲ್ಲಿಸಿ ಕಾಯುತ್ತಿರುವವರಿಗೆ ಆ ವಿನಾಯಿತಿ ಇಲ್ಲ. ಆದ್ದರಿಂದ ಸಂಶೋಧನಾರ್ಥಿಯಾಗಿಯೇ ಅರ್ಜಿ ಹಾಕುವವರ ಅರ್ಹತೆ ನಿಂತಿರುವುದು ಸಂಶೋಧನೆಯ ಮೇಲೆ ಅಲ್ಲ, ನೆಟ್ ಅಥವಾ ಸೆಟ್ ಮೇಲೆ. 2023ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಪಿಎಚ್‌.ಡಿ. ಐಚ್ಛಿಕ, ನೆಟ್ ಅಥವಾ ಸೆಟ್ ಕನಿಷ್ಠ ಮಾನದಂಡ ಎಂದು ಸ್ಪಷ್ಟಪಡಿಸಿದ ಮೇಲಂತೂ ಇದರಲ್ಲಿ ಗೊಂದಲಕ್ಕೆ ಕಾರಣವಿಲ್ಲ. ಹಾಗಿದ್ದೂ ನಮ್ಮ ಅಭ್ಯರ್ಥಿಗಳು ಸಂಶೋಧನೆಯ ಶೀರ್ಷಿಕೆಯನ್ನು ದಪ್ಪಕ್ಷರದಲ್ಲಿ ಬರೆದು, ನೆಟ್ ಉತ್ತೀರ್ಣರಾದ ವರ್ಷವನ್ನು ಮರೆತೇಬಿಡುತ್ತಾರೆ. ಪದವಿ ಬರುವ ಮೊದಲೇ ಹೆಸರಿನ ಹಿಂದೆ ‘ಡಾ.’ ಅಂಟಿಸಿಕೊಳ್ಳುವವರೂ ಇದ್ದಾರೆ. ಅವರ ಬಗ್ಗೆ ಹೇಳಿ ಪ್ರಯೋಜನವಿಲ್ಲ.

ಸೆಟ್ ಎಂದೆನಲ್ಲ, ಅಲ್ಲಿ ಹೊರನಾಡ ಕನ್ನಡಿಗರಿಗೇ ಮೀಸಲಾದ ಒಂದು ಹಳ್ಳವಿದೆ. ಊರಿಗೆ ಹೋದಾಗ ಕೆ-ಸೆಟ್ ಬರೆದು ಪಾಸಾದವರು ನಮ್ಮಲ್ಲಿ ಕಡಿಮೆಯಿಲ್ಲ. ಕನ್ನಡದಲ್ಲಿ ಬರೆಯಬಹುದು, ಮಾವನ ಮನೆಯಲ್ಲಿ ಉಳಿದುಕೊಳ್ಳಬಹುದು, ಎಲ್ಲ ಸರಿ. ಆದರೆ 2002ರ ಜೂನ್ 1ರಂದು ಅಥವಾ ಆನಂತರ ಉತ್ತೀರ್ಣರಾದವರ ಸೆಟ್ ಅರ್ಹತೆ ಆಯಾ ರಾಜ್ಯದೊಳಗಷ್ಟೇ ಸಲ್ಲುತ್ತದೆ. ಮೈಸೂರಿನಲ್ಲಿ ಕುಳಿತು ಗೆದ್ದ ಕೆ-ಸೆಟ್ ಕಲ್ಯಾಣದ ಕಾಲೇಜಿನಲ್ಲಿ ಚಲಾವಣೆಯಾಗದ ನಾಣ್ಯ. ಇಲ್ಲಿಗೆ ಬೇಕಾದದ್ದು ನೆಟ್, ಇಲ್ಲವೇ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ ಮಹಾರಾಷ್ಟ್ರ ಮತ್ತು ಗೋವಾಗಳಿಗಾಗಿ ನಡೆಸುವ ಸೆಟ್. ಮೀಸಲಾತಿಯ ವಿಷಯವೂ ಹೀಗೆಯೇ ಗಡಿಯಲ್ಲಿ ನಿಲ್ಲುತ್ತದೆ: ವಲಸೆ ಬಂದವರು ಮೂಲ ರಾಜ್ಯದ ಜಾತಿ ಪ್ರಮಾಣಪತ್ರದ ಆಧಾರದ ಮೇಲೆ ಹೊಸ ರಾಜ್ಯದಲ್ಲಿ ಮೀಸಲಾತಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1994ರಲ್ಲಿ, ಮಹಾರಾಷ್ಟ್ರದಿಂದಲೇ ಹೋದ ಪ್ರಕರಣದಲ್ಲಿ, ಹೇಳಿದೆ. ಮೀಸಲು ಸ್ಥಾನಕ್ಕೆ ಅರ್ಜಿ ಹಾಕುವ ಮುನ್ನ ಪ್ರಮಾಣಪತ್ರ ಕೊಟ್ಟ ತಹಸೀಲ್ದಾರರು ಯಾವ ರಾಜ್ಯದವರು ಎಂದು ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ಪತ್ರ ಬರೆಯೋಣ. ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳಿ: ಡೊಂಬಿವಲಿ ಪೂರ್ವದಲ್ಲಿ ಮನೆ, ಎಂ.ಎ. ಕನ್ನಡದಲ್ಲಿ 59, ಎಂ.ಇಡಿ.ಯಲ್ಲಿ 63 ಪ್ರತಿಶತ, ಶಿಕ್ಷಣಶಾಸ್ತ್ರದಲ್ಲಿ ನೆಟ್, ನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ, ಮಗು ಹುಟ್ಟಿದಾಗ ಎರಡು ವರ್ಷ ಬಿಡುವು. ಸಂಶೋಧನೆಯ ವಿಷಯ, ಮನೆಯಲ್ಲಿ ಕನ್ನಡ ಅಥವಾ ತುಳು ಮಾತಾಡುವ ಆರನೆಯ ತರಗತಿಯ ಮಕ್ಕಳು ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪಾಠವನ್ನು ಹೇಗೆ ಅರ್ಥೈಸಿಕೊಳ್ಳುತ್ತಾರೆ ಎಂಬುದು. ಪತ್ರ ಹೋಗುವುದು ಇಂಗ್ಲಿಷಿನಲ್ಲಿ. ಇಲ್ಲಿ ಅದರ ಹುರುಳನ್ನು ನಮ್ಮ ನುಡಿಯಲ್ಲಿ ಕೊಡುತ್ತೇನೆ.

‘ಜಾಹೀರಾತಿನ ಎರಡನೆಯ ಕ್ರಮಾಂಕದ, ಭಾಷಾ ಬೋಧನಾಶಾಸ್ತ್ರದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಈ ಅರ್ಜಿ. ಭಾಷೆಯ ಸ್ನಾತಕೋತ್ತರ ಪದವಿ (ಕನ್ನಡ, ಶೇ. 59), ಎಂ.ಇಡಿ. (ಶೇ. 63) ಮತ್ತು ಶಿಕ್ಷಣಶಾಸ್ತ್ರದಲ್ಲಿ ನೆಟ್ ಇರುವುದರಿಂದ ನಿಗದಿತ ಅರ್ಹತೆ ಪೂರ್ಣವಾಗಿದೆ. ಪಿಎಚ್‌.ಡಿ. ಪದವಿ ಇನ್ನೂ ಬಂದಿಲ್ಲ. ಸಲ್ಲಿಕೆಪೂರ್ವ ಮಂಡನೆ ಕಳೆದ ತಿಂಗಳು ಮುಗಿದಿದೆ, ಪ್ರಬಂಧವನ್ನು ಈ ಶೈಕ್ಷಣಿಕ ವರ್ಷದೊಳಗೆ ಸಲ್ಲಿಸುತ್ತೇನೆ. ನನ್ನ ಸಂಶೋಧನೆಯಲ್ಲಿ ಮಕ್ಕಳು ಪಾಠದ ಒಂದು ಪರಿಚ್ಛೇದವನ್ನು ಓದಿ ಮೊದಲು ಮನೆಮಾತಿನಲ್ಲಿ ತಮ್ಮೊಳಗೆ ವಿವರಿಸಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆಯುವ ಕ್ರಮವನ್ನು ಪರೀಕ್ಷಿಸಿದ್ದೇನೆ. ಬಿ.ಇಡಿ. ಪಠ್ಯಕ್ರಮದ ‘ಪಠ್ಯವಿಷಯಗಳಾದ್ಯಂತ ಭಾಷೆ’ ಎಂಬ ಪತ್ರಿಕೆಯನ್ನೂ ಪಠ್ಯಗಳ ಓದು ಮತ್ತು ಚಿಂತನೆಯ ಕಾರ್ಯವನ್ನೂ ನಾನು ಈ ಅನುಭವದಿಂದ ಬೋಧಿಸಬಲ್ಲೆ. ಮರಾಠಿಯನ್ನು ಹತ್ತನೆಯ ತರಗತಿಯವರೆಗೆ ಕಲಿತಿದ್ದೇನೆ. ಮರಾಠಿ ಮಾಧ್ಯಮದ ಶಾಲೆಯಲ್ಲಿ ವಿದ್ಯಾರ್ಥಿ ಶಿಕ್ಷಕರ ಪಾಠ ವೀಕ್ಷಿಸಿ ಟಿಪ್ಪಣಿ ಬರೆಯಬಲ್ಲೆ. ಎರಡು ವರ್ಷಗಳ ಬಿಡುವು ಶಿಶುಪಾಲನೆಗಾಗಿ ತೆಗೆದುಕೊಂಡದ್ದು, ದಿನಾಂಕಗಳು ಬಯೋಡಾಟಾದಲ್ಲಿವೆ.’

ಇಷ್ಟೇ. ಒಂದು ಪುಟದೊಳಗೆ ಮುಗಿಯುತ್ತದೆ, ಒಂದು ಗುಣವಾಚಕವೂ ಇಲ್ಲ. ಇಲ್ಲಿ ಕನ್ನಡ ಮೂರು ಕಡೆ ಕೆಲಸ ಮಾಡಿದೆ: ಅರ್ಹತೆಯಾಗಿ, ಸಂಶೋಧನೆಯ ಸಾಮಗ್ರಿಯಾಗಿ, ಪಾಠ ಮಾಡಬಲ್ಲ ಪತ್ರಿಕೆಯೊಂದರ ಆಧಾರವಾಗಿ. ಮೂರನೆಯದನ್ನು ನಮ್ಮವರು ಕಾಣುವುದೇ ಇಲ್ಲ. ‘ಪಠ್ಯವಿಷಯಗಳಾದ್ಯಂತ ಭಾಷೆ’ ಎಂಬ ಪತ್ರಿಕೆ ಎನ್‌ಸಿಟಿಇಯ ಬಿ.ಇಡಿ. ಚೌಕಟ್ಟಿನಲ್ಲೇ ಇದೆ. ಗಣಿತದ ಶಿಕ್ಷಕನೂ ಭಾಷೆಯ ಶಿಕ್ಷಕನೇ, ತರಗತಿಯ ಮಕ್ಕಳ ಮನೆಮಾತುಗಳು ಬೇರೆ ಬೇರೆ ಎಂಬ ಅರಿವು ಎಲ್ಲ ವಿಷಯದವರಿಗೂ ಬೇಕು ಎಂಬುದು ಅದರ ಆಶಯ. ಠಾಣೆಯ ಯಾವುದೇ ತರಗತಿಗೆ ಹೋದರೂ ಮರಾಠಿ, ಹಿಂದಿ, ಗುಜರಾತಿ, ತುಳು, ಕನ್ನಡ, ತಮಿಳು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಬಾಲಭಾರತಿ ಮಹಾರಾಷ್ಟ್ರದ ಮಕ್ಕಳಿಗಾಗಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ. ಇಂಥ ನೆಲದಲ್ಲಿ ಬಾಲ್ಯದಿಂದ ನಾಲ್ಕು ಭಾಷೆಗಳ ನಡುವೆ ಓಡಾಡಿ ಬೆಳೆದವಳು ಅದನ್ನು ಅರ್ಜಿಯಲ್ಲಿ ಹೇಳದೆ ‘ತಂಡದೊಂದಿಗೆ ಹೊಂದಿಕೊಳ್ಳಬಲ್ಲೆ’ ಎಂದು ಬರೆಯುವುದೆಂದರೆ ಏನು?

ಮರಾಠಿಯ ಸಾಲಿನ ಬಗ್ಗೆ ಕೆಲವರಿಗೆ ಸಂಕೋಚವಿದೆ. ಮುಂಬಯಿ ವಿಶ್ವವಿದ್ಯಾಲಯದ ಅನುಮೋದನೆಯಿಂದ ಬರುವ ಜಾಹೀರಾತುಗಳಲ್ಲಿ ಮರಾಠಿ ಬಲ್ಲವರಿಗೆ ಆದ್ಯತೆ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಅದನ್ನು ನಮ್ಮನ್ನು ಹೊರಗಿಡುವ ಹುನ್ನಾರವೆಂದು ಓದುವವರು, ಬಿ.ಇಡಿ.ಯ ಎರಡು ವರ್ಷಗಳಲ್ಲಿ 20 ವಾರ ಶಾಲೆಯಲ್ಲೇ ಕಳೆಯುತ್ತದೆ ಎಂಬುದನ್ನು ಮರೆಯುತ್ತಾರೆ. ಆ ಶಾಲೆಗಳಲ್ಲಿ ಮರಾಠಿಯವೂ ಇರುತ್ತವೆ, ಅಲ್ಲಿನ ಮುಖ್ಯೋಪಾಧ್ಯಾಯರೊಂದಿಗೆ ಮಾತಾಡಬೇಕು, ಪಾಠ ಕೇಳಬೇಕು, ಟಿಪ್ಪಣಿ ಬರೆಯಬೇಕು. ಇದು ಕೆಲಸದ ಬೇಡಿಕೆ. ನಮ್ಮಲ್ಲಿ ಹುಟ್ಟಿ ಬೆಳೆದ ಹೆಚ್ಚಿನವರಿಗೆ ಅದು ಬರುತ್ತದೆ, ಆದರೆ ಎಷ್ಟು ಬರುತ್ತದೆ ಎಂಬುದನ್ನು ಕೆಲಸದ ಮಾತಿನಲ್ಲಿ ಹೇಳಬೇಕು. ‘ನಿರರ್ಗಳ’ ಎಂದು ಬರೆದು ಸಂದರ್ಶನದಲ್ಲಿ ಒಂದು ವಾಕ್ಯಕ್ಕೆ ತಡವರಿಸುವುದಕ್ಕಿಂತ ‘ಪಾಠ ವೀಕ್ಷಿಸಿ ಟಿಪ್ಪಣಿ ಬರೆಯಬಲ್ಲೆ’ ಎಂಬುದು ನಿಖರ. ಶೈಕ್ಷಣಿಕ ಜೀವನದ ಬಿಡುವುಗಳಿಗೆ ಕಾರಣ ಕೊಡಬೇಕೆಂಬುದೂ ಅದೇ ಜಾಹೀರಾತುಗಳ ಪರಿಪಾಠ. ಹೆಂಗಸರು ಅದನ್ನು ಮುಚ್ಚಿಡಲು ಹರಸಾಹಸ ಮಾಡುತ್ತಾರೆ. ಕೇಳಿದ್ದಕ್ಕೆ ಒಂದು ವಾಕ್ಯ ಸಾಕು, ಕ್ಷಮೆ ಕೇಳುವ ಅಗತ್ಯವಿಲ್ಲ.

ಇನ್ನೊಂದು ಆಕ್ಷೇಪ ಉಳಿಯಿತು: ಹುದ್ದೆ ಮೊದಲೇ ಯಾರಿಗೋ ನಿಶ್ಚಯವಾಗಿರುತ್ತದೆ, ಪತ್ರದಿಂದೇನು? ಕೆಲವೆಡೆ ಹಾಗಿರುತ್ತದೆ. ಇನ್ನೂ ಕೆಟ್ಟದ್ದೂ ಇದೆ. ಮಾನ್ಯತೆ ಉಳಿಸಿಕೊಳ್ಳಲು ಅರ್ಹರ ಹೆಸರು, ಭಾವಚಿತ್ರ, ಪ್ರಮಾಣಪತ್ರಗಳನ್ನು ಪಟ್ಟಿಯಲ್ಲಿ ತೋರಿಸಿ, ಪಾಠವನ್ನು ತಾಸಿನ ಲೆಕ್ಕದವರಿಂದ ಮಾಡಿಸುವ ಕಾಲೇಜುಗಳು ದೇಶದ ಎಲ್ಲೆಡೆ ಇವೆ. ಯುಜಿಸಿ ವೇತನಶ್ರೇಣಿಯಂತೆ ಈ ಹುದ್ದೆಯ ಆರಂಭಿಕ ಮೂಲವೇತನ ತಿಂಗಳಿಗೆ 57,700 ರೂಪಾಯಿ; ಅನುದಾನರಹಿತ ಸಂಸ್ಥೆಯಲ್ಲಿ ಕೈಗೆ ಬರುವುದು ಎಷ್ಟು ಎಂಬುದನ್ನು ಅಲ್ಲಿ ದುಡಿಯುವವರನ್ನೇ ಕೇಳಬೇಕು. ಆದರೆ ಈ ವಾದ ಬಿಡಿಸಿ ಬರೆದ ಪತ್ರದ ವಿರುದ್ಧವಲ್ಲ, ಪರವಾಗಿ ನಿಲ್ಲುತ್ತದೆ. ಆಯ್ಕೆ ಸಮಿತಿಯಲ್ಲಿ ಆಡಳಿತ ಮಂಡಳಿಯವರಷ್ಟೇ ಕೂರುವುದಿಲ್ಲ. ಕುಲಪತಿಗಳ ಪ್ರತಿನಿಧಿ, ಹೊರಗಿನ ವಿಷಯತಜ್ಞರು ಇರುತ್ತಾರೆ. ಅವರ ಮುಂದೆ ಹಾಜರಾಗುವ ಕಡತದ ಮೊದಲ ಹಾಳೆಯಲ್ಲಿ ಹುದ್ದೆ, ಅರ್ಹತೆ, ಅಂಕ, ನೆಟ್ ಎಲ್ಲ ಸಾಲಾಗಿ ನಿಂತಿದ್ದರೆ ‘ಅರ್ಹರು ಯಾರೂ ಬಂದಿಲ್ಲ’ ಎಂದು ಬರೆಯುವುದು ಕಷ್ಟ. ಅರ್ಹತೆಯಿದ್ದೂ ಕರೆಯದಿದ್ದರೆ ವಿಶ್ವವಿದ್ಯಾಲಯಕ್ಕೆ ದೂರು ಕೊಡಲು ಕೈಯಲ್ಲಿರುವ ದಾಖಲೆಯೂ ಆ ಹಾಳೆಯೇ. ‘ಪ್ರತಿಷ್ಠಿತ ಸಂಸ್ಥೆ’ಯ ಪತ್ರವನ್ನು ಹಿಡಿದು ಯಾವ ದೂರು ಕೊಡುತ್ತೀರಿ?

ಹಾಗಾಗಿ ಪತ್ರವನ್ನು ಎರಡು ಪ್ರತಿ ಮಾಡಿ. ಜಾಹೀರಾತು ಪ್ರಕಟವಾದ ದಿನದಿಂದ ಸಾಮಾನ್ಯವಾಗಿ 15 ದಿನಗಳ ಗಡುವು ಇರುತ್ತದೆ. ಕೊನೆಯ ದಿನಕ್ಕೆ ಬಿಡದೆ, ಸಾಧ್ಯವಾದರೆ ಖುದ್ದಾಗಿ ಕಾಲೇಜಿನ ಕಚೇರಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ ಮತ್ತು ಮೊಹರು ಹಾಕಿಸಿಕೊಳ್ಳಿ. ಈಗಾಗಲೇ ಎಲ್ಲಿಯಾದರೂ ಕೆಲಸದಲ್ಲಿದ್ದರೆ ಅಲ್ಲಿನ ಮುಖ್ಯಸ್ಥರ ಮೂಲಕವೇ ಕಳುಹಿಸಬೇಕು. ಲಗತ್ತಿಸುವುದು ಜೆರಾಕ್ಸ್ ಪ್ರತಿಗಳನ್ನು ಮಾತ್ರ. ಮೂಲ ಪ್ರಮಾಣಪತ್ರಗಳನ್ನು ‘ನಮ್ಮಲ್ಲೇ ಇರಲಿ, ಮೇಡಂ’ ಎಂದು ಯಾರು ಕೇಳಿದರೂ, ಎಷ್ಟೇ ನಯವಾಗಿ ಕೇಳಿದರೂ, ತೋರಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ತನ್ನಿ.